ಪ್ರತಿ ಗುರುವಾರ ಮೂರೂವರೆಗೆ ಹೊರಡಬೇಕು: ಮ್ಯಾನೇಜರ್‌ಗೆ ಎಷ್ಟು ಹೇಳಬೇಕು?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಯಶವಂತಪುರದಲ್ಲಿ ಬೇರೆ ಬೇರೆ ಕಂಪನಿಗಳ ಲೆಕ್ಕ, ಜಿಎಸ್‌ಟಿ ನೋಡಿಕೊಳ್ಳುವ ಆಫೀಸಲ್ಲಿ ಕೆಲಸ. ಆತಂಕದ ತೊಂದರೆಗೆ ಡಾಕ್ಟ್ರು 16 ವಾರ ಥೆರಪಿ ಹೇಳಿದ್ದಾರೆ. ಜೂನ್ 4ರಿಂದ ಪ್ರತಿ ಗುರುವಾರ ಸಂಜೆ 4.30ಕ್ಕೆ ಜಯನಗರದಲ್ಲಿ. ನಮ್ಮ ಮ್ಯಾನೇಜರ್ ಸರ್ ಒಳ್ಳೆಯವರೇ, ಆದ್ರೆ ಏನು ಹೇಳಿದ್ರೂ ಪೂರ್ತಿ ಕೇಳ್ತಾರೆ. ಸುಳ್ಳು ಹೇಳೋಕೆ ಮನಸ್ಸಿಲ್ಲ, ಎಲ್ಲ ಹೇಳೋಕೂ ಮನಸ್ಸಿಲ್ಲ. ಏನಂತ ಹೇಳಲಿ?

ಉತ್ತರ: ನಾನು 22 ವರ್ಷ ಎಚ್‌ಆರ್ ಕೆಲಸ ಮಾಡಿದವಳು. ಇಂಥ ಮಾತು ಹೇಳೋಕೆ ಬಂದು, ಬಾಗಿಲ ಹತ್ತಿರ ನಿಂತು, ಹೇಳದೆ ವಾಪಸ್ ಹೋದವರನ್ನು ತುಂಬಾ ನೋಡಿದ್ದೇನೆ. ಅವರೆಲ್ಲರ ಚಿಂತೆ ಒಂದೇ: ಕಾರಣವನ್ನು ಹೇಗೆ ಹೇಳೋದು. ನೀವು ಆ ಚಿಂತೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಸಮಯದ ಲೆಕ್ಕ ಹಾಕಿ.

ಯಾಕೆ ಅಂದ್ರೆ, ನಿಮ್ಮ ಸರ್ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ "ಇವಳಿಗೆ ಏನಾಗಿದೆ" ಅಲ್ಲ. "ಗುರುವಾರ ಫೈಲಿಂಗ್ ಯಾರು ಮಾಡ್ತಾರೆ" ಅನ್ನೋದು. ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕರೆ ಎರಡನೆಯದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಸಿಗದಿದ್ದರೆ ಕಾರಣದ ಕಡೆ ತಿರುಗುತ್ತಾರೆ. "ಕೆಲವು ಗುರುವಾರ ಸ್ವಲ್ಪ ಬೇಗ ಹೋಗಬೇಕಾಗಬಹುದು ಸರ್" ಅಂದರೆ ಅವರಿಗೆ ಏನೂ ತಿಳಿಯಲಿಲ್ಲ. ಕೆಲವು ಅಂದ್ರೆ ಎಷ್ಟು? ಬೇಗ ಅಂದ್ರೆ ಎಷ್ಟು ಗಂಟೆಗೆ? ಹೋಗಲೇಬೇಕಾ, ಮುಂದೂಡಬಹುದಾ? ಇದನ್ನು ತೂಗಿ ನೋಡೋಕೆ ಅವರಿಗೆ ನಿಮ್ಮ ಕಾಯಿಲೆ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕು. ಅಲ್ಲಿಂದಲೇ ಕೆದಕೋದು ಶುರುವಾಗುತ್ತೆ. ಅಷ್ಟೇ ಅಲ್ಲ, ಹೀಗೆ ಮೋಘಮ್ ಆಗಿ ಹೇಳಿದರೆ ಪ್ರತಿ ಗುರುವಾರ ಹೊಸದಾಗಿ ಪರ್ಮಿಷನ್ ಕೇಳಬೇಕು. 16 ಸಲ ಕೇಳಿದರೆ 16 ಸಲ "ಏನು ವಿಷಯ" ಅನ್ನೋದಕ್ಕೆ ಉತ್ತರ ಕೊಡಬೇಕು.

ಅದಕ್ಕೆ, ಇವತ್ತು ಸಂಜೆ ಒಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತುಕೊಳ್ಳಿ. ನಾನೂ ಇಟ್ಟುಕೊಂಡಿದ್ದೇನೆ.

2026ರ ಜೂನ್ 4ರಿಂದ 16 ಗುರುವಾರ ಎಣಿಸಿದರೆ ಕೊನೆಯದು ಸೆಪ್ಟೆಂಬರ್ 17. ಈಗ ನಿಮ್ಮ ಕೆಲಸದ ತಾರೀಖುಗಳನ್ನು ಅದರ ಪಕ್ಕ ಇಡಿ. ತಿಂಗಳು ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ 11, ಜಿಎಸ್‌ಟಿಆರ್-3ಬಿಗೆ 20. ನಿಮ್ಮ ಸರ್ ಹೆದರೋದು ಈ ಎರಡು ತಾರೀಖಿಗೇ. ಹದಿನಾರು ಗುರುವಾರಗಳಲ್ಲಿ ನೇರವಾಗಿ ಅದರ ಮೇಲೆ ಬೀಳೋದು ಎರಡೇ: ಜೂನ್ 11 ಮತ್ತು ಆಗಸ್ಟ್ 20. ಸೆಪ್ಟೆಂಬರ್ 10 ಕೊನೆಯ ದಿನದ ಹಿಂದಿನ ದಿನ, ಅದನ್ನೂ ಗುರುತು ಹಾಕಿಕೊಳ್ಳಿ. ಉಳಿದ 13 ಗುರುವಾರ ನಿಮ್ಮ ಆಫೀಸಿಗೆ ಸಾಧಾರಣ ದಿನಗಳು. ಇದನ್ನು ನೀವಾಗೇ ಬಾಯಿಬಿಟ್ಟು ಹೇಳಿದಾಗ ಎದುರಿಗಿದ್ದವರ ಮುಖ ಸಡಿಲವಾಗೋದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂದಿನದು ಗಂಟೆಗಳ ಲೆಕ್ಕ. ಯಶವಂತಪುರದಿಂದ ಜಯನಗರಕ್ಕೆ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಹೋಗುತ್ತೆ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಬೇಕಿಲ್ಲ. ಆದರೂ ಸ್ಟೇಷನ್‌ಗೆ ನಡೆಯೋದು, ಕಾಯೋದು, ಆ ಕಡೆ ಇಳಿದು ಕ್ಲಿನಿಕ್ ತಲುಪೋದು ಎಲ್ಲ ಸೇರಿ ಒಂದು ಗಂಟೆ ಇಟ್ಟುಕೊಳ್ಳಿ. ಅಂದ್ರೆ 3.30ಕ್ಕೆ ಹೊರಡಬೇಕು. "ನಾಲ್ಕು ಗಂಟೆಗೆ ಹೊರಡ್ತೀನಿ" ಅಂತ ಸಂಕೋಚಕ್ಕೆ ಕಮ್ಮಿ ಹೇಳಬೇಡಿ. ಎರಡನೇ ವಾರವೇ ಓಡೋಡಿ ಹೋಗಿ, ಮೂರನೇ ವಾರ ಮೂರೂವರೆಗೇ ಎದ್ದರೆ, "ಹೇಳಿದ್ದೊಂದು ಮಾಡೋದೊಂದು" ಅನ್ನಿಸುತ್ತೆ.

ನಿಮ್ಮ ಆಫೀಸಿನ ಸಮಯ ನೀವು ಬರೆದಿಲ್ಲ. ಬೆಳಗ್ಗೆ 9.30ರಿಂದ ಸಂಜೆ 6.30, ಮಧ್ಯೆ ಒಂದು ಗಂಟೆ ಊಟ ಅಂತ ಇಟ್ಟುಕೊಳ್ಳೋಣ. ಅಲ್ಲಿಗೆ ದಿನಕ್ಕೆ ಎಂಟು ಗಂಟೆ ಕೆಲಸ. 3.30ಕ್ಕೆ ಎದ್ದರೆ ವಾರಕ್ಕೆ ಮೂರು ಗಂಟೆ ಕಮ್ಮಿ. ಗುರುವಾರ 8.30ಕ್ಕೇ ಬಂದು, ಊಟಕ್ಕೆ ಅರ್ಧ ಗಂಟೆ ಮಾತ್ರ ತಗೊಂಡರೆ ಅದರಲ್ಲಿ ಒಂದೂವರೆ ಗಂಟೆ ಅವತ್ತೇ ತುಂಬುತ್ತೆ. ಉಳಿದ ಒಂದೂವರೆ ಗಂಟೆಯನ್ನು ಮಂಗಳವಾರ, ಬುಧವಾರ ಮುಕ್ಕಾಲು ಮುಕ್ಕಾಲು ಗಂಟೆ ಜಾಸ್ತಿ ಕೂತು ಮುಗಿಸಬಹುದು. ಹೀಗಾದರೆ ಒಂದು ದಿನದ ರಜೆಯೂ ಹೋಗಲ್ಲ, ಸಂಬಳಕ್ಕೂ ತೊಂದರೆ ಇಲ್ಲ. ಸರ್ ಮುಂದೆ ಹೋಗುವಾಗ ನಿಮ್ಮ ಕೈಯಲ್ಲಿ ಈ ಲೆಕ್ಕ ಇರಬೇಕು.

ಇಲ್ಲೊಂದು ಮಾತು. ಬೆಳಗ್ಗೆ 9ರ ಸ್ಲಾಟ್ ಸಿಕ್ಕರೆ ಹೋಗಿ ಬಂದು ಕೆಲಸಕ್ಕೆ ಕೂರಬಹುದಲ್ಲ ಅಂತ ಕೆಲವರು ಹೇಳ್ತಾರೆ. ಗಂಟೆಯ ಲೆಕ್ಕದಲ್ಲಿ ಅದು ಲಾಭವೇ. ಆದರೆ ಥೆರಪಿ ಮುಗಿಸಿ ಹೊರಗೆ ಬಂದಾಗ ಎಲ್ಲ ದಿನವೂ ಮನಸ್ಸು ಒಂದೇ ಥರ ಇರಲ್ಲ. ಕೆಲವು ದಿನ ಅತ್ತು ಕಣ್ಣು ಕೆಂಪಗಾಗಿರುತ್ತೆ. ಆ ಮುಖ ಹೊತ್ತು ಆಫೀಸಿಗೆ ಬಂದರೆ ಹತ್ತು ಜನ ಕೇಳ್ತಾರೆ, ಗುಟ್ಟಾಗಿ ಇಡಬೇಕು ಅಂದುಕೊಂಡಿದ್ದು ಅಲ್ಲೇ ಬಯಲಾಗುತ್ತೆ. ನಿಮ್ಮ ಸಂಜೆಯ ಸಮಯ ನಿಜಕ್ಕೂ ಚೆನ್ನಾಗಿದೆ. ಮುಗಿಸಿ ನೇರ ಮನೆಗೆ ಹೋಗಿ. "ಅಲ್ಲಿಂದ ಬಂದು ಲ್ಯಾಪ್‌ಟಾಪ್ ತೆಗೀತೀನಿ" ಅಂತ ಉತ್ಸಾಹಕ್ಕೆ ಒಪ್ಪಿಕೊಳ್ಳಬೇಡಿ.

ಈಗ ಹೇಳುವ ಮಾತು. ಮೊದಲು ಬಾಯಲ್ಲಿ, ಆಮೇಲೆ ಮೇಲ್. ಮೇಲ್ ಮೊದಲು ಹೋದರೆ ಅವರು ಓದಿದ ತಕ್ಷಣ ನಿಮ್ಮ ಸೀಟಿಗೇ ಎದ್ದು ಬಂದು, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ "ಏನಮ್ಮಾ, ಹುಷಾರಿಲ್ವಾ?" ಅನ್ನಬಹುದು. ಪ್ರೀತಿಯಿಂದಲೇ ಅಂತಾರೆ, ಆದರೆ ಅಲ್ಲಿಗೆ ಮುಗೀತು. ಹಾಗಾಗಿ ಒಂದು ವಾರ ಹತ್ತು ದಿನ ಮುಂಚೆ, ಯಾವ ಕೊನೆಯ ದಿನವೂ ಇಲ್ಲದ ಮಧ್ಯಾಹ್ನ ನೋಡಿಕೊಂಡು, "ಸರ್, ಐದು ನಿಮಿಷ ಬೇಕಿತ್ತು" ಅಂತ ಒಳಗೆ ಹೋಗಿ. ಕ್ಯಾಬಿನ್ ಇಲ್ಲದಿದ್ದರೆ ಮೀಟಿಂಗ್ ರೂಮಿಗೆ ಕರೆಯಿರಿ. ಟೀ ಕುಡಿಯೋಕೆ ನಿಂತಾಗ ಬೇಡ.

ಹೇಳೋದು ಇಷ್ಟು:

"ಸರ್, ನನಗೆ ಒಂದು ಟ್ರೀಟ್‌ಮೆಂಟ್ ಶುರುವಾಗ್ತಾ ಇದೆ. ಜೂನ್ 4ರಿಂದ ಸೆಪ್ಟೆಂಬರ್ 17ರವರೆಗೆ ಪ್ರತಿ ಗುರುವಾರ ಸಂಜೆ ಅಪಾಯಿಂಟ್‌ಮೆಂಟ್ ಇದೆ. ಅವತ್ತು ಮೂರೂವರೆಗೆ ಹೊರಡಬೇಕಾಗುತ್ತೆ. ಗುರುವಾರ ಎಂಟೂವರೆಗೇ ಬರ್ತೀನಿ, ಉಳಿದದ್ದನ್ನ ಮಂಗಳವಾರ, ಬುಧವಾರ ಕೂತು ಮುಗಿಸ್ತೀನಿ. ಜೂನ್ 11, ಆಗಸ್ಟ್ 20 ಎರಡು ದಿನ ಮಾತ್ರ ಫೈಲಿಂಗ್ ಜೊತೆ ಬೀಳುತ್ತೆ. ಆ ಎರಡಕ್ಕೂ ನನ್ನ ಕ್ಲೈಂಟ್‌ಗಳದ್ದು ಹಿಂದಿನ ದಿನವೇ ಮುಗಿಸಿರ್ತೀನಿ."

ಇಷ್ಟು ಹೇಳಿ ನಿಲ್ಲಿಸಿ. ನಿಜವಾಗಿ ಕಷ್ಟ ಆಗೋದು ಇಲ್ಲೇ. ಅವರು ಎರಡು ಸೆಕೆಂಡ್ ಸುಮ್ಮನಿದ್ದರೆ ನಮಗೆ ತಡೆಯಲ್ಲ. ಆ ಖಾಲಿ ಜಾಗ ತುಂಬೋಕೆ "ಏನಂದ್ರೆ ಸರ್, ಸ್ವಲ್ಪ ದಿನದಿಂದ ನಿದ್ದೆ ಬರ್ತಿರಲಿಲ್ಲ, ಆಮೇಲೆ..." ಅಂತ ಶುರು ಮಾಡಿಬಿಡ್ತೀವಿ. ಅವರು ಸುಮ್ಮನಿರೋದು ಅನುಮಾನದಿಂದ ಅಲ್ಲ, ತಲೆಯಲ್ಲಿ ಕ್ಯಾಲೆಂಡರ್ ತಿರುಗಿಸ್ತಾ ಇರ್ತಾರೆ. ತಿರುಗಿಸಲಿ ಬಿಡಿ.

"ಟ್ರೀಟ್‌ಮೆಂಟ್" ಅನ್ನುವ ಪದವನ್ನು ಯೋಚಿಸಿಯೇ ಇಟ್ಟಿದ್ದೇನೆ. "ಚೆಕಪ್" ಅಂದರೆ ಹದಿನಾರು ವಾರ ಏನು ಚೆಕಪ್ ಅನ್ನಿಸುತ್ತೆ. "ಪರ್ಸನಲ್ ಕೆಲಸ" ಅಂದರೆ ಬ್ಯಾಂಕ್ ಕೆಲಸದ ಹಾಗೆ ಶನಿವಾರ ಮಾಡಿಕೊಳ್ಳಿ ಅನ್ನಬಹುದು. "ಟ್ರೀಟ್‌ಮೆಂಟ್" ಅಂದರೆ ಡಾಕ್ಟರ್ ಹೇಳಿದ್ದು, ವಾರವಾರ ತಪ್ಪದೆ ಹೋಗಬೇಕಾದ್ದು ಅಂತ ಅರ್ಥ ಆಗುತ್ತೆ. ಅದು ಫಿಸಿಯೋಥೆರಪಿ ಆಗಿರಬಹುದು, ಅಲರ್ಜಿಯ ಇಂಜೆಕ್ಷನ್ ಆಗಿರಬಹುದು, ಹಲ್ಲಿನದ್ದಾಗಿರಬಹುದು. ಪದ ನಿಜವೂ ಹೌದು, ಯಾವ ಕಾಯಿಲೆಯ ಕಡೆಗೂ ಬೆರಳು ತೋರಿಸಲ್ಲ.

ನಿಮ್ಮ ಸರ್ ಕೇಳೇ ಕೇಳ್ತಾರೆ ಅಂತ ನೀವೇ ಬರೆದಿದ್ದೀರಿ. ನಮ್ಮ ಕಡೆ ವಿಚಾರಿಸೋದೇ ಅಕ್ಕರೆ ತೋರಿಸುವ ರೀತಿ ಅಲ್ವಾ? ಕೇಳದೆ ಬಿಟ್ಟರೆ "ಒಂದು ಮಾತೂ ಕೇಳಲಿಲ್ಲ ನೋಡಿ" ಅಂತ ನಾವೇ ಬೇಜಾರು ಮಾಡಿಕೊಳ್ತೀವಿ. ಹಾಗಾಗಿ ಕೇಳಿದ್ದಕ್ಕೆ ಮುಖ ಬಿಗಿ ಮಾಡಿಕೊಳ್ಳಬೇಡಿ. "ಅದು ನನ್ನ ಖಾಸಗಿ ವಿಷಯ" ಅಂದರೆ ಕಪಾಳಕ್ಕೆ ಹೊಡೆದ ಹಾಗಿರುತ್ತೆ. ಮೊದಲು ಅಕ್ಕರೆಯನ್ನು ಒಪ್ಪಿಕೊಳ್ಳಿ, ಆಮೇಲೆ ಮಾತನ್ನು ಗುರುವಾರಕ್ಕೆ ತನ್ನಿ.

"ಏನಾಯ್ತಮ್ಮಾ, ಸೀರಿಯಸ್ಸಾ?" ಅಂದರೆ, "ಕೇಳಿದ್ರಲ್ಲ ಸರ್, ಥ್ಯಾಂಕ್ಸ್. ಗಾಬರಿ ಆಗೋ ಅಂಥದ್ದೇನಿಲ್ಲ. ಡಾಕ್ಟ್ರು ವಾರವಾರ ತಪ್ಪಿಸಬೇಡಿ ಅಂದಿದ್ದಾರೆ ಅಷ್ಟೇ. ಜೂನ್ 11ರದ್ದು ನಾನು 10ಕ್ಕೇ ಮುಗಿಸಿದ್ರೆ ಸಾಕಲ್ವಾ ಸರ್?" ಕೊನೆಯ ವಾಕ್ಯ ಪ್ರಶ್ನೆಯಾಗಿರಲಿ, ಕೆಲಸದ ಪ್ರಶ್ನೆಯಾಗಿರಲಿ. ಅದಕ್ಕೆ ಉತ್ತರ ಕೊಡೋದು ಅವರ ಕೆಲಸ, ಹಾಗಾಗಿ ಅವರು ಆ ಕಡೆಗೇ ಹೋಗ್ತಾರೆ.

"ಯಾವ ಡಾಕ್ಟ್ರು? ನಮ್ಮ ಭಾವಮೈದ ದೊಡ್ಡ ಆಸ್ಪತ್ರೆಯಲ್ಲೇ ಇದ್ದಾನೆ, ಹೇಳಿಸ್ಲಾ?" ಅಂದರೆ, "ಇವರ ಹತ್ರಾನೇ ಮಾಡಿಸ್ಕೊಳ್ಳೋದು ಅಂತ ಆಗಿದೆ ಸರ್. ಬೇಕಾದ್ರೆ ಖಂಡಿತ ನಿಮ್ಮನ್ನ ಕೇಳ್ತೀನಿ."

ಮೂರನೇ ಸಲವೂ ಕೇಳಿದರೆ, ನಗುಮುಖದಲ್ಲೇ ನೇರವಾಗಿ ಹೇಳಿ: "ಅದರ ಬಗ್ಗೆ ಆಫೀಸಲ್ಲಿ ಮಾತಾಡಬಾರದು ಅಂದುಕೊಂಡಿದೀನಿ ಸರ್. ತಪ್ಪು ತಿಳ್ಕೋಬೇಡಿ." ಇದಾದ ಮೇಲೂ ಒತ್ತಾಯ ಮಾಡಿದವರನ್ನು ನಾನು ತೀರಾ ಕಮ್ಮಿ ನೋಡಿದ್ದೇನೆ.

ಮದುವೆಯಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿದ್ದರೆ ಇನ್ನೊಂದಕ್ಕೂ ತಯಾರಿರಿ. ವಾರವಾರ ಡಾಕ್ಟರ್ ಅಂದ ತಕ್ಷಣ "ಗುಡ್ ನ್ಯೂಸಾ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಇದಕ್ಕೆ ಮಾತ್ರ ಸ್ಪಷ್ಟವಾಗಿ "ಇಲ್ಲ, ಅದಲ್ಲ" ಅನ್ನಿ. ನಕ್ಕು ಸುಮ್ಮನಾದರೆ ಹೌದು ಅಂತಲೇ ಸುದ್ದಿ ಹಬ್ಬುತ್ತೆ, ಪ್ರಾಜೆಕ್ಟ್ ಕೊಡುವಾಗ, ಬಡ್ತಿಯ ಮಾತು ಬಂದಾಗ ಅದು ಯಾರದೋ ತಲೆಯಲ್ಲಿ ಇರುತ್ತೆ. ಆದರೆ ಅಲ್ಲಿಗೆ ನಿಲ್ಲಿಸಿ. "ಅದಲ್ಲ, ಇದೂ ಅಲ್ಲ" ಅಂತ ಒಂದೊಂದೇ ಅಲ್ಲಗಳೆಯುತ್ತಾ ಹೋದರೆ ಕೊನೆಗೆ ಉಳಿಯೋದು ನಿಜ.

ಸುಳ್ಳು ಬೇಡ ಅಂದಿದ್ದೀರಿ, ಒಳ್ಳೆಯದಾಯಿತು. ನನ್ನ ಟೀಮಿನಲ್ಲಿದ್ದ ಒಬ್ಬ ಹುಡುಗ ಇಂಥದ್ದೇ ಥೆರಪಿಗೆ ಹೋಗುವಾಗ ಬೆನ್ನುನೋವಿನ ಫಿಸಿಯೋ ಅಂತ ಹೇಳಿದ್ದ. ಎರಡು ತಿಂಗಳು ಚೆನ್ನಾಗೇ ನಡೀತು. ಆಮೇಲೆ ಆಫೀಸಿನ ಕ್ರಿಕೆಟ್ ಪಂದ್ಯದಲ್ಲಿ ಬೌಲಿಂಗ್ ಮಾಡಿದ. ಸೋಮವಾರ ಅವನ ಮ್ಯಾನೇಜರ್ ನನ್ನ ಹತ್ತಿರ ಬಂದು, "ಇವನ ಬೆನ್ನುನೋವು ಗುರುವಾರ ಮಾತ್ರ ಬರುತ್ತಾ?" ಅಂತ ಕೇಳಿದರು. ಅವನ ಟ್ರೀಟ್‌ಮೆಂಟ್ ನಿಜ, ಅವನ ಅಗತ್ಯ ನಿಜ. ಸುಳ್ಳಾಗಿದ್ದು ಹೇಳಿದ ಕಾರಣ ಮಾತ್ರ. ಆದರೂ ಅದಾದ ಮೇಲೆ ಅವನು ಏನೇ ಹೇಳಿದರೂ ಒಂದು ಅನುಮಾನ ಉಳಿದುಬಿಟ್ಟಿತು. ನನಗೆ ಇವತ್ತಿಗೂ ಅವನ ಬಗ್ಗೆ ಸಂಕಟ ಆಗುತ್ತೆ. ಅವನಿಗೆ ಸುಳ್ಳು ಬೇಕಾಗಿರಲೇ ಇಲ್ಲ, "ಟ್ರೀಟ್‌ಮೆಂಟ್" ಅಷ್ಟೇ ಸಾಕಿತ್ತು.

ಸರ್ ಹೂಂ ಅಂದ ದಿನವೇ ಮೇಲ್ ಹಾಕಿ. ಭಾಷೆ ಇಂಗ್ಲಿಷಾಗಲಿ ಕನ್ನಡವಾಗಲಿ, ಇಷ್ಟು ಸಾಕು:

"ಸರ್, ಇವತ್ತು ಮಾತಾಡಿದಂತೆ, ಜೂನ್ 4ರಿಂದ ಸೆಪ್ಟೆಂಬರ್ 17ರವರೆಗೆ ಪ್ರತಿ ಗುರುವಾರ ವೈದ್ಯಕೀಯ ಅಪಾಯಿಂಟ್‌ಮೆಂಟ್ ಇರುವುದರಿಂದ 3.30ಕ್ಕೆ ಹೊರಡುತ್ತೇನೆ. ಆ ದಿನ 8.30ಕ್ಕೆ ಬರುತ್ತೇನೆ. ಮಂಗಳವಾರ ಮತ್ತು ಬುಧವಾರ 7.15ರವರೆಗೆ ಇರುತ್ತೇನೆ. ಜೂನ್ 11 ಮತ್ತು ಆಗಸ್ಟ್ 20ರ ಫೈಲಿಂಗ್ ಹಿಂದಿನ ದಿನವೇ ಮುಗಿಸುತ್ತೇನೆ. ಜುಲೈ ಕೊನೆಯಲ್ಲಿ ಈ ವ್ಯವಸ್ಥೆ ಸರಿಹೋಗುತ್ತಿದೆಯೇ ಎಂದು ಒಮ್ಮೆ ಮಾತಾಡೋಣ. ಒಪ್ಪಿಗೆ ತಿಳಿಸಿ."

ಇದನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ, ಟೀಮ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಮೇಲ್ ಬೇಕಾಗೋದು ನಾಳೆ ಸರ್ ಬದಲಾದರೆ. ಹೊಸಬರಿಗೆ ಮತ್ತೆ ಮೊದಲಿನಿಂದ ಕಥೆ ಹೇಳುವ ಬದಲು ಆ ಮೇಲ್ ಅನ್ನು ಮುಂದಕ್ಕೆ ಕಳಿಸಿದರೆ ಆಯಿತು.

ಹಾಗೆ ಮುಂದಕ್ಕೆ ಹೋಗುತ್ತೆ ಅಂತಲೇ ಅದರಲ್ಲಿ ಒಂದು ಪದವೂ ಜಾಸ್ತಿ ಇರಬಾರದು. ಇದನ್ನು ನಾನು ಅನುಭವಿಸಿ ಕಲಿತೆ. ಕೆಲಸಕ್ಕೆ ಸೇರಿದ ಮೊದಮೊದಲು, ಗರ್ಭ ನಿಲ್ಲದೆ ಹೋದ ಮೇಲೆ ಕೆಲವು ವಾರ ಆಸ್ಪತ್ರೆಗೆ ಓಡಾಡಬೇಕಿತ್ತು. ರಜಾ ಅರ್ಜಿಯಲ್ಲಿ ಎಲ್ಲವನ್ನೂ ಬರೆದೆ. ಬರೆಯದಿದ್ದರೆ ರಜೆ ಕೊಡಲ್ಲವೇನೋ ಅನ್ನುವ ಭಯ. ನನ್ನ ಮೇಲಿನವರು ಸಹಿ ಹಾಕಿ ಮುಂದಿನ ಟೇಬಲ್ಲಿಗೆ ಕಳಿಸಿದರು, ಅಲ್ಲಿಂದ ಇನ್ನೊಂದು ಟೇಬಲ್. ಎರಡು ವಾರ ಕಳೆದ ಮೇಲೆ ಕ್ಯಾಂಟೀನಿನಲ್ಲಿ, ನಾನು ಹೆಸರೂ ತಿಳಿಯದ ಒಬ್ಬರು ತಟ್ಟೆ ಹಿಡಿದುಕೊಂಡು ಬಂದು ನನ್ನ ಭುಜ ಮುಟ್ಟಿ, "ಬೇಜಾರು ಮಾಡ್ಕೋಬೇಡಮ್ಮಾ, ಇನ್ನೂ ವಯಸ್ಸಿದೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಕೈಯಲ್ಲಿದ್ದ ಚಪಾತಿ ಇಳಿಯಲಿಲ್ಲ. ಅಮ್ಮನಿಗೂ ಆಗ ಪೂರ್ತಿ ಹೇಳಿರಲಿಲ್ಲ ನಾನು. ಆ ಕಾಗದ ನೋಡಿದವರು ಯಾರೂ ಕೆಟ್ಟವರಲ್ಲ. ಕಾಗದದಲ್ಲಿ ಇದ್ದದ್ದು ಎಲ್ಲರ ಕಣ್ಣಿಗೂ ಬೀಳುತ್ತೆ, ಅಷ್ಟೇ.

ಈಗ ಕಾಗದದ ಜಾಗಕ್ಕೆ ಪೋರ್ಟಲ್ ಬಂದಿದೆ. ರಜೆಯೋ ಪರ್ಮಿಷನ್ನೋ ಹಾಕುವಾಗ ಕಾರಣ ಬರೆಯೋಕೆ ಒಂದು ಬಾಕ್ಸ್ ಇರುತ್ತೆ. ಅದು ನಿಮ್ಮ ಸರ್‌ಗೆ ಮಾತ್ರ ಹೋಗುತ್ತೆ ಅಂದುಕೊಳ್ಳಬೇಡಿ. ಒಪ್ಪಿಗೆಯ ಮೇಲ್ ಎಚ್‌ಆರ್‌ಗೆ, ಸಂಬಳ ಮಾಡುವವರಿಗೆ, ಕೆಲವು ಕಡೆ ಟೀಮ್ ಲೀಡ್‌ಗೂ ಹೋಗುತ್ತೆ. ಅಲ್ಲಿ "ವೈದ್ಯಕೀಯ ಅಪಾಯಿಂಟ್‌ಮೆಂಟ್" ಅನ್ನೋದಕ್ಕಿಂತ ಜಾಸ್ತಿ ಬರೆಯಬೇಡಿ.

ಮೀಟಿಂಗ್ ಕ್ಯಾಲೆಂಡರ್ ಇನ್ನೊಂದು. ಗುರುವಾರ 3.30ರಿಂದ 6.30ರವರೆಗೆ ವಾರವಾರ ಬರುವ ಹಾಗೆ ಒಂದು ಎಂಟ್ರಿ ಹಾಕಿಟ್ಟರೆ ಆ ಹೊತ್ತಿಗೆ ಯಾರೂ ಮೀಟಿಂಗ್ ಇಡಲ್ಲ, ಒಳ್ಳೆಯದೇ. ಅದನ್ನು `Private` ಅಂತ ಗುರುತು ಮಾಡಿ. ಅಷ್ಟಕ್ಕೇ ನಂಬಿ ಕೂರಬೇಡಿ, ಹೆಸರನ್ನೂ ಸಾದಾ ಇಡಿ. ಯಾಕೆ ಅಂತೀರಾ? ನೀವು ಕ್ಲೈಂಟ್‌ಗೆ ಸ್ಕ್ರೀನ್ ಹಂಚಿಕೊಂಡು ಲೆಕ್ಕ ತೋರಿಸ್ತಾ ಇರ್ತೀರಿ. ಸರಿಯಾಗಿ 3.15ಕ್ಕೆ ಮೂಲೆಯಲ್ಲಿ ರಿಮೈಂಡರ್ ಎದ್ದು ನಿಲ್ಲುತ್ತೆ. ಅದರಲ್ಲಿ "ಥೆರಪಿ, ಡಾ. ಇಂಥವರು" ಅಂತ ಇದ್ದರೆ ಆ ಮೀಟಿಂಗಲ್ಲಿದ್ದ ಎಲ್ಲರೂ ಓದಿಬಿಡ್ತಾರೆ. "ಲಭ್ಯವಿಲ್ಲ" ಅಂತ ಇದ್ದರೆ ಓದಿದರೂ ಏನೂ ಇಲ್ಲ. ಕ್ಲಿನಿಕ್‌ನಲ್ಲಿ ಆಫೀಸಿನ ಇಮೇಲ್ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ, ಅವರು ಕಳಿಸುವ ನೆನಪಿನ ಮೇಲ್‌ಗಳು ಆಫೀಸಿನ ಸರ್ವರ್‌ಗೆ ಬರೋದು ಬೇಡ.

ಇದೆಲ್ಲಕ್ಕಿಂತ ಜಾಸ್ತಿ ಜನ ಸಿಕ್ಕಿಬೀಳೋದು ಸರ್ಟಿಫಿಕೇಟ್‌ನಲ್ಲಿ. ಎಚ್‌ಆರ್‌ನವರು "ಒಂದು ಲೆಟರ್ ತಂದುಕೊಡಿ" ಅನ್ನಬಹುದು. ಕೇಳೋದು ತಪ್ಪಲ್ಲ, ನಾನೂ ಕೇಳಿದ್ದೇನೆ. ನೀವು ಹೋಗಿ ಡಾಕ್ಟರ್ ಹತ್ತಿರ ಸುಮ್ನೆ "ಮೆಡಿಕಲ್ ಸರ್ಟಿಫಿಕೇಟ್ ಕೊಡಿ" ಅಂದರೆ, ಅವರು ರಜೆಗೆ ಕೊಡುವ ಮಾಮೂಲಿ ನಮೂನೆಯಲ್ಲಿ ಬರೆದುಕೊಡ್ತಾರೆ. ವೈದ್ಯರ ನಡವಳಿಕೆಯ 2002ರ ನಿಯಮಾವಳಿಯಲ್ಲಿ ಆ ನಮೂನೆ ಇದೆ. ಅದರಲ್ಲಿ "ಇವರು ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ" ಅಂತ ತುಂಬುವ ಜಾಗವೇ ಇದೆ. ಅಷ್ಟು ದಿನ ನೀವು ಕಾಪಾಡಿಕೊಂಡಿದ್ದು ಆ ಒಂದು ಸಾಲಿನಲ್ಲಿ ಹೋಯಿತು.

ಹಾಗಾಗಿ ಕೇಳುವಾಗಲೇ ಬೇರೆ ಥರ ಕೇಳಿ. "ರಜೆಯ ಸರ್ಟಿಫಿಕೇಟ್ ಬೇಡ ಡಾಕ್ಟ್ರೇ, ಅಪಾಯಿಂಟ್‌ಮೆಂಟ್ ಇದೆ ಅಂತ ಒಂದು ಪತ್ರ ಬೇಕು. ಕಾಯಿಲೆ ಹೆಸರು ಬೇಡ." ಪತ್ರದಲ್ಲಿ ನಿಮ್ಮ ಹೆಸರು, ಗುರುವಾರ, ಸಮಯ, ಎಷ್ಟು ವಾರ, ಸಹಿ, ನೋಂದಣಿ ಸಂಖ್ಯೆ ಇದ್ದರೆ ಸಾಕು. ಆಮೇಲೆ ಕಾಗದದ ಮೇಲ್ಭಾಗ ನೋಡಿ. ಒಳಗೆ ಎಷ್ಟು ಜೋಪಾನವಾಗಿ ಬರೆದರೂ, ಲೆಟರ್‌ಹೆಡ್‌ನಲ್ಲಿ ಮನೋರೋಗ ವಿಭಾಗ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಏನು ಪ್ರಯೋಜನ? ಆಸ್ಪತ್ರೆಯ ಸಾಮಾನ್ಯ ಲೆಟರ್‌ಹೆಡ್‌ನಲ್ಲಿ ಕೊಡೋಕಾಗುತ್ತಾ ಕೇಳಿ. ಇನ್ನೊಂದು ಸೂಕ್ಷ್ಮ ಇದೆ. ನಿಮಗೆ ಥೆರಪಿ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಅವರ ನೋಂದಣಿ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಇರುತ್ತೆ, ವೈದ್ಯಕೀಯ ಮಂಡಳಿಯಲ್ಲಲ್ಲ. ಅವರ ಸೀಲಿನಲ್ಲಿ ಅದೇ ಬರೆದಿರುತ್ತೆ. ಕೆಲವು ಎಚ್‌ಆರ್‌ನವರು "ನೋಂದಾಯಿತ ವೈದ್ಯರದ್ದೇ ಬೇಕು" ಅಂತ ವಾಪಸ್ ಕಳಿಸುವುದೂ ಉಂಟು. ನಿಮ್ಮನ್ನು ಮೊದಲು ನೋಡಿ ಥೆರಪಿಗೆ ಕಳಿಸಿದ ಡಾಕ್ಟರ್ ಹತ್ತಿರವೇ ಪತ್ರ ತಗೊಂಡರೆ ಈ ಓಡಾಟ ಉಳಿಯುತ್ತೆ.

ಎಚ್‌ಆರ್‌ನವರು ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿಬಿಟ್ಟರೆ ಅನ್ನುವ ಭಯ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆ ಕೊಡುವವರು ನಿಮ್ಮ ವಿಷಯವನ್ನು ಗುಟ್ಟಾಗಿ ಇಡಲೇಬೇಕು. ಅದಕ್ಕೆ ಕೆಲವು ವಿನಾಯಿತಿಗಳಿವೆ. ಆಫೀಸಿನವರು ಕೇಳಿದರು ಅನ್ನೋದು ಅದರಲ್ಲಿಲ್ಲ. ಆದರೆ ಇದು ಕಟ್ಟಿಹಾಕೋದು ಚಿಕಿತ್ಸೆ ಕೊಡುವವರನ್ನು. ನೀವಾಗೇ ಸರ್‌ಗೆ ಹೇಳಿದ್ದನ್ನು ಅವರು ಇನ್ನೊಬ್ಬರಿಗೆ ಹೇಳದ ಹಾಗೆ ಈ ಸೆಕ್ಷನ್ ತಡೆಯಲ್ಲ. ಹೇಳಿದ ಮಾತನ್ನು ವಾಪಸ್ ತಗೊಳ್ಳೋಕಾಗಲ್ಲ. ಬೇಕಾದರೆ ಮುಂದೆ ಯಾವತ್ತಾದರೂ ಹೇಳಬಹುದು, ಅದಕ್ಕೆ ಅವಸರ ಇಲ್ಲ.

ಸರ್ ಒಪ್ಪದಿದ್ದರೆ? "ಅಡ್ಜಸ್ಟ್ ಮಾಡೋಕಾಗಲ್ಲ, ಅರ್ಧ ದಿನ ರಜೆ ಹಾಕಿ" ಅಂದರೆ ಅದರ ಲೆಕ್ಕವೂ ನಿಮ್ಮ ಹತ್ತಿರ ಇರಲಿ. 16 ಅರ್ಧ ದಿನ ಅಂದರೆ 8 ದಿನ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. ಅನಾರೋಗ್ಯಕ್ಕೆ, ಅಪಘಾತಕ್ಕೆ ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ ಅಂತ ಅದರಲ್ಲಿ ಹೇಳಿದೆ. ಗಳಿಕೆ ರಜೆ ಅದಕ್ಕಿಂತ ಬೇರೆ. ಹಾಗಾಗಿ 8 ದಿನ ಅದರೊಳಗೇ ಮುಗಿಯುತ್ತೆ. ಆದರೆ ಜ್ವರ ಬಂದರೆ ಅಂತ ಉಳಿಯೋದು ನಾಲ್ಕೇ ದಿನ. ಅದಕ್ಕೇ ಮೊದಲು ಸಮಯ ಹೊಂದಿಸುವ ಮಾತಾಡಿ, ರಜೆಯನ್ನು ಎರಡನೇ ದಾರಿಯಾಗಿ ಇಟ್ಟುಕೊಳ್ಳಿ. ಇದಕ್ಕೂ ಇಲ್ಲ ಅಂದರೆ ಎಚ್‌ಆರ್‌ಗೆ ಹೋಗಿ, ಆದರೆ ಅಲ್ಲೂ ಹೇಳೋದು ಅದೇ ಮಾತು. ಎಚ್‌ಆರ್ ಬಾಗಿಲು ಮುಚ್ಚಿದ ತಕ್ಷಣ ಎಲ್ಲ ಹೇಳಿಬಿಡಬೇಕು ಅಂತಿಲ್ಲ.

ಜಾಸ್ತಿ ಹೇಳಬೇಕಾಗುವ ಸಂದರ್ಭವೂ ಇದೆ. ಡಾಕ್ಟರ್ ಔಷಧಿ ಕೊಟ್ಟು ಬೆಳಗ್ಗೆ ಮಂಪರು ಬರುತ್ತೆ ಅಂದರೆ, ರಾತ್ರಿ ತುಂಬಾ ಹೊತ್ತು ಕೂರಬೇಡಿ ಅಂದರೆ, ಅದು ಕೆಲಸಕ್ಕೆ ತಟ್ಟುವ ವಿಷಯ. ಆಗ ಕೆಲಸದ ಮೇಲೆ ಏನು ಪರಿಣಾಮ ಅನ್ನೋದನ್ನು ಹೇಳಿ, ಕಾಯಿಲೆಯನ್ನಲ್ಲ. "ಟ್ರೀಟ್‌ಮೆಂಟ್ ಮುಗಿಯೋವರೆಗೂ ರಾತ್ರಿ ಒಂಬತ್ತರ ಮೇಲೆ ಕೂರಬೇಡಿ ಅಂದಿದ್ದಾರೆ ಸರ್." ಔಷಧಿಯ ಹೆಸರು ಮಾತ್ರ ಹೇಳಬೇಡಿ. ಅದನ್ನು ಫೋನಿನಲ್ಲಿ ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತೆ.

ಇನ್ನು ಪಕ್ಕದ ಸೀಟಿನವರು. ಅವರಿಗೆ ಟ್ರೀಟ್‌ಮೆಂಟ್ ಅಂತಲೂ ಹೇಳಬೇಕಿಲ್ಲ. "ಗುರುವಾರ ನನ್ನ ಟೈಮಿಂಗ್ ಬೇರೆ, ಸರ್ ಹತ್ರ ಮಾತಾಡಿದೀನಿ" ಅಂದರೆ ಆಯಿತು. ಆದರೆ ನಿಮ್ಮ ಬದಲು ಮೂರೂವರೆ ಮೇಲೆ ಕ್ಲೈಂಟ್ ಫೋನ್ ಎತ್ತುವವರು ಒಬ್ಬರು ಇರ್ತಾರಲ್ಲ, ಅವರ ಋಣ ಇಟ್ಟುಕೊಳ್ಳಬೇಡಿ. ಅವರು ಬೇಗ ಹೋಗಬೇಕಾದ ದಿನ ನೀವು ಕೂತುಕೊಳ್ಳಿ. ಗೊಣಗಾಟ ಹುಟ್ಟೋದು ಅಲ್ಲಿಂದಲೇ, ಗೊಣಗಾಟ ಹುಟ್ಟಿದ ಕಡೆ ಕಾರಣ ಹುಡುಕೋದೂ ಶುರುವಾಗುತ್ತೆ.

ಹದಿನಾರು ವಾರ ಅಂದಿದ್ದು ಹದಿನಾರಕ್ಕೇ ಮುಗಿಯದೆ ಇರಬಹುದು. ಇಂಥ ಥೆರಪಿಯಲ್ಲಿ ಕೊನೆಕೊನೆಗೆ ವಾರಕ್ಕೊಮ್ಮೆ ಇದ್ದದ್ದನ್ನು ಎರಡು ವಾರಕ್ಕೊಮ್ಮೆ ಮಾಡೋದು ಸಾಮಾನ್ಯ. ಆಗಸ್ಟ್ ಕೊನೆಗೆ ನಿಮ್ಮ ಥೆರಪಿಸ್ಟ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಹಾಗೇನಾದರೂ ಆದರೆ ಹೊಸ ಮಾತುಕತೆ ಬೇಡ, ಹಳೆಯ ಮೇಲ್‌ಗೇ ಉತ್ತರವಾಗಿ ಒಂದು ಸಾಲು ಹಾಕಿ: "ಸರ್, ಸೆಪ್ಟೆಂಬರ್ 17ರ ನಂತರ ಎರಡು ವಾರಕ್ಕೊಮ್ಮೆ ಗುರುವಾರ ಮಾತ್ರ, ಅಕ್ಟೋಬರ್ ಕೊನೆಯವರೆಗೆ. ಉಳಿದ ಗುರುವಾರ ಮಾಮೂಲಿ ಸಮಯ."